ಒಂದು ಅಂಗುಲದ ಸೆಲೆ

ಪೆದ್ದಕಡುಬೂರಿನ ಚಂದ್ರಣ್ಣನಿಗೆ ಬಾವಿಯ ನೀರೆತ್ತಲು ಐದು ಹಾರ್ಸಿನ ಎಣ್ಣೆ ಇಂಜಿನ್ನೇ ಬೇಕಾಗಿತ್ತು. ನಾಲ್ಕು ಬೇಡ, ಮೂರಂತೂ ಬೇಡವೇ ಬೇಡ. ಐದೇ ಯಾಕೆ ಎಂದು ಕೇಳಿದವರಿಗೆ ಅವನು ತನ್ನ ತೋಟ, ಮೆಣಸಿನಗಿಡ, ಉಳ್ಳಾಗಡ್ಡಿ ಮಡಿ ಎಂದೆಲ್ಲ ಲೆಕ್ಕ ಒಪ್ಪಿಸುತ್ತಿದ್ದ. ನಿಜವಾದ ಕಾರಣ ಆದೋನಿಯಲ್ಲಿತ್ತು. ಅವನ ಅಕ್ಕನ ಗಂಡ, ಹತ್ತಿ ವ್ಯಾಪಾರಿ ಸೋಮಶೇಖರಪ್ಪ, ಊರ ಹೊರಗಿನ ತನ್ನ ನಿಂಬೆ ತೋಟಕ್ಕೆ ಯುದ್ಧಕ್ಕೆ ಮುಂಚೆಯೇ ಐದು ಹಾರ್ಸಿನದನ್ನು ತಂದು ಕೂರಿಸಿದ್ದ. ಅಂದಿನಿಂದ ಹಬ್ಬಕ್ಕೆ ಬರಲಿ, ಮದುವೆಗೆ ಬರಲಿ, ಆತ ಚಂದ್ರಣ್ಣನ ಬಾವಿಯಿಂದ ನೀರೆಳೆಯುವ ಕಪಿಲೆಯ ಎತ್ತುಗಳ ಕ್ಷೇಮಸಮಾಚಾರ ವಿಚಾರಿಸದೆ ಊಟಕ್ಕೆ ಕೂತದ್ದಿಲ್ಲ. "ಎತ್ತು ಆರಾಮ ಅದಾವೇನಪಾ, ಪಾಪ, ಹಿಂದಕ್ಕ ಮುಂದಕ್ಕ ನಡೆದು ನಡೆದು ಇಷ್ಟೊತ್ತಿಗೆ ಶ್ರೀಶೈಲ ಮುಟ್ಟಬೇಕಿತ್ತು" ಎನ್ನುತ್ತಿದ್ದ.

ಎರಡನೆಯ ಮಹಾಯುದ್ಧ ಮುಗಿದ ಮರು ಬೇಸಿಗೆ. ಹೆಚ್ಚು ಆಹಾರ ಬೆಳೆಯಿರಿ ಎಂದು ಸರಕಾರ ಗೋಡೆಗೋಡೆಗೆ ಕಾಗದ ಅಂಟಿಸುತ್ತಿದ್ದ ಕಾಲ. ಇಂಜಿನ್ನು ಬೇಕೆಂದವರು ಅರ್ಜಿ ಹಾಕಬೇಕು, ಸರಕಾರದ ಓವರ್‌ಸಿಯರು ಬಂದು ಬಾವಿಯನ್ನು ಪರೀಕ್ಷೆ ಮಾಡಬೇಕು, ಬಾವಿಗೆ ತಕ್ಕ ಇಂಜಿನ್ನು, ಇಂಜಿನ್ನಿಗೆ ತಕ್ಕ ಎಣ್ಣೆಯ ಪರವಾನಗಿ. ಚಂದ್ರಣ್ಣ ಅರ್ಜಿಯಲ್ಲಿ, ತನ್ನ ಬಾವಿಯ ತಳವನ್ನು ಮೂರು ತಲೆಮಾರಿನಿಂದ ಯಾರೂ ಕಂಡಿಲ್ಲ ಎಂದು ಬರೆಸಿದ್ದ. ಮಳೆಗಾಲ ಕಳೆದ ಮೇಲೆ, ಬಾವಿ ತುಂಬಿ ತುಳುಕುವಾಗ ಬಂದರೆ ಅನುಕೂಲ ಎಂಬ ವಿನಂತಿಯನ್ನೂ ಕೊನೆಗೆ ಸೇರಿಸಿದ್ದ. ಸರಕಾರ ಆ ಒಂದು ಸಾಲನ್ನು ಮಾತ್ರ ಗಮನವಿಟ್ಟು ಓದಿದಂತಿತ್ತು. ಓವರ್‌ಸಿಯರು ಬಂದದ್ದು ವೈಶಾಖದ ಉರಿಬಿಸಿಲಲ್ಲಿ.

ಬಂದವನು ಪಂಚಾಕ್ಷರಯ್ಯ, ಬಳ್ಳಾರಿ ಕಡೆಯ ಜಂಗಮರ ಹುಡುಗ. ಇಪ್ಪತ್ತಾರು ವರ್ಷ, ಖಾಕಿ ಚಡ್ಡಿ, ಕೊರಳಲ್ಲಿ ಒಂದು ಸೀಟಿ. ಹಿಂದೆ ಬಂಡಿಯಲ್ಲಿ ಎರಡು ಹಾರ್ಸಿನ ಪುಟ್ಟ ಇಂಜಿನ್ನು, ಒಂದು ಪಂಪು. ಮಹಾಂತಮ್ಮ, ಚಂದ್ರಣ್ಣನ ಹೆಂಡತಿ, ಅಯ್ಯನವರೆಂದು ಅವನ ಪಾದಕ್ಕೆ ನೀರು ಹಾಕಲು ತಂಬಿಗೆ ತಂದಳು. ಬೂಟು ಬಿಚ್ಚುವುದೋ ಬೇಡವೋ ತಿಳಿಯದೆ ಆತ ಒಂಟಿಕಾಲಲ್ಲಿ ನಿಂತ. ಬೇಸಿಗೆಯಲ್ಲಿ ಯಾಕೆ ಬಂದಿರಿ ಎಂದು ಚಂದ್ರಣ್ಣ ಕೇಳಿದ್ದಕ್ಕೆ, ಬಾವಿಯ ನಿಜವಾದ ಶಕ್ತಿ ತಿಳಿಯುವುದೇ ಈಗ, ಮಳೆಗಾಲದ ನೀರನ್ನು ನಂಬಿ ಇಂಜಿನ್ನು ಕೊಟ್ಟರೆ ಬೇಸಿಗೆಯಲ್ಲಿ ಅದು ಗಾಳಿ ಸೇದುತ್ತದೆ ಎಂದು ಆತ ವಿನಯದಿಂದಲೇ ಹೇಳಿದ.

ಹಿಂದಿನ ಸಂಜೆಯಿಂದಲೇ ಕಪಿಲೆ ನಿಲ್ಲಿಸಬೇಕೆಂದು ಆತ ಕಾಗದ ಬರೆದಿದ್ದ. ಪಕ್ಕದ ಹೊಲದ ಬಾವಿಯ ಕಪಿಲೆಯೂ ನಿಂತಿತ್ತು. ಬಾವಿ ಹನ್ನೆರಡು ಅಡಿ ಚೌಕ, ಮೂವತ್ತಡಿ ಆಳ. ತಳದಿಂದ ಹನ್ನೆರಡು ಅಡಿ ನೀರು ಅಲುಗಾಡದೆ ನಿಂತಿತ್ತು. ನಡುಮಧ್ಯದ ಮೆಟ್ಟಿಲುಕಟ್ಟೆಯ ಮೇಲೆ ಇಂಜಿನ್ನನ್ನೂ ಪಂಪನ್ನೂ ಆರು ಜನ ಹಗ್ಗ ಕಟ್ಟಿ ಇಳಿಸಿದರು. ಅಡಿ-ಅಂಗುಲ ಕೊರೆದ ಉದ್ದನೆಯ ಬಿದಿರಿನ ಗಳವೊಂದನ್ನು ನೀರಿನಲ್ಲಿ ನೆಟ್ಟು ಗೋಡೆಗೆ ಬಿಗಿದರು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಪಂಪಿನ ನೀರು ಎಲ್ಲಿಗೆ ಹೋಗಬೇಕು ಎಂಬಲ್ಲಿ ಜಗಳ ಹುಟ್ಟಿತು. ಚಂದ್ರಣ್ಣ ಬಾವಿಯ ಮಗ್ಗುಲಿನ ಮೆಣಸಿನ ಮಡಿಗೆ ಕಾಲುವೆ ತೋಡಿಸಿಟ್ಟಿದ್ದ. ಪಂಚಾಕ್ಷರಯ್ಯ ಅದನ್ನು ಮುಚ್ಚಿಸಿ, ನೀರು ನೂರು ಗಜ ಆಚೆಯ ಹಳ್ಳಕ್ಕೇ ಬೀಳಬೇಕೆಂದ. ಇಲ್ಲೇ ಬಿಟ್ಟರೆ ಅದೇ ನೀರು ಮಣ್ಣಿನಲ್ಲಿ ಇಳಿದು ಕಲ್ಲಿನ ಸಂದಿಯಿಂದ ಬಾವಿಗೆ ವಾಪಸ್ಸು ಬರುತ್ತದೆ, ನಾವು ಅಳೆಯಬೇಕಾದ್ದು ಭೂಮಿ ಕೊಡುವ ನೀರನ್ನು, ನಾವೇ ಕೊಟ್ಟು ಇಸಿದುಕೊಳ್ಳುವ ನೀರನ್ನಲ್ಲ ಎಂದು ವಿವರಿಸಿದ. ವೈಶಾಖದಲ್ಲಿ, ಕಣ್ಣೆದುರಿಗೇ, ಒಣಹಳ್ಳಕ್ಕೆ ನೀರು ಬಿಡುವುದನ್ನು ಚಂದ್ರಣ್ಣ ಆ ದಿನವೇ ಮೊದಲು ನೋಡಿದ್ದು. ಅವನು ಹಳ್ಳದ ಕಡೆ ಬೆನ್ನು ಮಾಡಿ ಕೂತ.

ಇಂಜಿನ್ನು ಒಂದೂಕಾಲು ಗಂಟೆ ಓಡಿತು. ನೀರು ಅಂಗುಲ ಅಂಗುಲ ಇಳಿಯುತ್ತ, ಪಾಚಿ ಹಿಡಿದ ಕಲ್ಲುಗಳು ಒಂದೊಂದಾಗಿ ಬಿಸಿಲು ಕಂಡವು. ಎಂಟು ಅಡಿ ಇಳಿದಾಗ, ಸರಿಯಾಗಿ ಹನ್ನೊಂದಕ್ಕೆ, ಪಂಚಾಕ್ಷರಯ್ಯ ಇಂಜಿನ್ನು ನಿಲ್ಲಿಸಿದ. ಉಳಿದ ನಾಲ್ಕಡಿ ತಿಳಿನೀರಿನ ತಳದಲ್ಲಿ, ಯಾರದೋ ಕಾಲದ ಒಂದು ಹಿತ್ತಾಳೆ ಚೆಂಬು ಕಾಣುತ್ತಿತ್ತು. ಮೂರು ತಲೆಮಾರು ಕಾಣದ ತಳ ಇದೇ ಇರಬೇಕು ಎಂದ ಓವರ್‌ಸಿಯರನ ಮುಖದಲ್ಲಿ ನಗೆ ಇರಲಿಲ್ಲ. ಆದರೆ ಕೆಳಗೆ ಗಳದ ಬಳಿ ಕೂತಿದ್ದ ಆಳು ಮಲ್ಲಯ್ಯ ನಕ್ಕ.

ಆಮೇಲಿನ ಕೆಲಸ ಸುಮ್ಮನೆ ಕಾಯುವುದು. ಹದಿನೈದು ನಿಮಿಷಕ್ಕೊಮ್ಮೆ ನೀರು ಎಷ್ಟು ಏರಿತೆಂದು ನೋಡಿ ಬರೆಯುವುದು. ಮೊದಲ ಹದಿನೈದು ನಿಮಿಷಕ್ಕೆ ಐದೂಮುಕ್ಕಾಲು ಅಂಗುಲ ಏರಿತು. ಚಂದ್ರಣ್ಣನ ಎದೆಯೂ ಅಷ್ಟೇ ಏರಿತು. ಎರಡನೆಯದಕ್ಕೆ ಐದೂವರೆ, ಮೂರನೆಯದಕ್ಕೆ ಐದೂಕಾಲು, ನಾಲ್ಕನೆಯದಕ್ಕೆ ನಾಲ್ಕೂಮುಕ್ಕಾಲು. ಬಾವಿ ಸೋಮಾರಿಯಾಗುತ್ತಿದೆ ಎಂದು ಅವನಿಗೆ ಅಳುಕಾಯಿತು. ಹಾಗಲ್ಲ, ಇದು ಹೀಗೇ ಇರಬೇಕು ಎಂದ ಪಂಚಾಕ್ಷರಯ್ಯ. ಹಸಿದವನು ಮೊದಲ ರೊಟ್ಟಿ ಬೇಗ ತಿನ್ನುತ್ತಾನೆ, ಐದನೆಯದಕ್ಕೆ ನಿಧಾನ ಮಾಡುತ್ತಾನೆ. ಬಾವಿಯೂ ಖಾಲಿಯಿದ್ದಷ್ಟು ಜೋರಾಗಿ ನೀರು ಎಳೆಯುತ್ತದೆ, ತುಂಬುತ್ತ ಬಂದಂತೆ ಸೆಲೆ ಸಾವಕಾಶವಾಗುತ್ತದೆ. ಎಷ್ಟು ಸಾವಕಾಶವಾಗುತ್ತದೆ ಎಂಬುದರಲ್ಲೇ ಅದರ ಶಕ್ತಿಯ ಲೆಕ್ಕವಿದೆ.

ರೊಟ್ಟಿಯ ಮಾತು ಬಂದದ್ದೇ ತಡ, ಹೊತ್ತು ನೆತ್ತಿಗೆ ಬಂದಿತ್ತು, ಬಾವಿಯ ಸುತ್ತಲಿನ ಮಣ್ಣಿನ ಏರಿಯ ಆಚೆ ಬೇವಿನ ಮರದ ಕೆಳಗೆ ಎಲೆ ಹಾಕಿತ್ತು. ಮನೆಗೆ ಬಂದ ಅಯ್ಯನವರಿಗೆ ಯಜಮಾನನೇ ನಿಂತು ಬಡಿಸಬೇಕು, ಅದು ಆ ಮನೆಯ ರೂಢಿ. ಪಂಚಾಕ್ಷರಯ್ಯನಿಗೆ ಗಳ ಬಿಟ್ಟು ಬರಲು ಮನಸ್ಸಿರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದ: ತಾನು ಗಡಿಯಾರ ನೋಡಿ ಸೀಟಿ ಊದುತ್ತೇನೆ, ಊದಿದ ಕೂಡಲೇ ಮಲ್ಲಯ್ಯ ನೀರಿನ ಮಟ್ಟಕ್ಕೆ ಗಳದ ಮೇಲೆ ಚಾಕುವಿನಿಂದ ಗೀರಬೇಕು. ಅಷ್ಟೇ ಕೆಲಸ, ಮತ್ತೇನೂ ಮಾಡಬಾರದು. ಮಲ್ಲಯ್ಯ ಅದನ್ನು ಎರಡು ಸಲ ಹೇಳಿಸಿಕೊಂಡು ಒಪ್ಪಿದ.

ಊಟದ ನಡುವೆ ಆತ ಎರಡು ಸಲ ಸೀಟಿ ಊದಿದ. ಎರಡನೆಯ ಸಲ ಬಾಯಲ್ಲಿ ಹೋಳಿಗೆಯಿತ್ತು. ಸೀಟಿ ಸ್ವಲ್ಪ ತಡವಾಯಿತೇ ಎಂದು ಅವನ ಮುಖ ಕಳೆಗುಂದಿತು. ಇನ್ನೊಂದು ಹಾಕಿಸಿಕೊಳ್ಳಿರೆಂದು ಚಂದ್ರಣ್ಣ ಹೋಳಿಗೆ ಹಿಡಿದು ನಿಂತಾಗ, ಐದು ಹಾರ್ಸಿನ ಮಾತನ್ನೂ ಅದರ ಜೊತೆಗೆ ಹಾಕಿದ. ಆತ ಹೋಳಿಗೆ ಹಾಕಿಸಿಕೊಂಡ, ಮಾತನ್ನು ಎಲೆಯ ಅಂಚಿಗೆ ಸರಿಸಿಟ್ಟ.

ಅಷ್ಟರಲ್ಲಿ ಆದೋನಿಯ ಕುದುರೆಗಾಡಿ ಬಂದು ನಿಂತಿತು. ಸೋಮಶೇಖರಪ್ಪ ಇಳಿದ. ಬಾವನನ್ನು ಈ ದಿನ ಬರಹೇಳಿದ್ದು ಚಂದ್ರಣ್ಣನೇ. ತನ್ನ ಬಾವಿಯ ಪಟ್ಟಾಭಿಷೇಕ ಆತನ ಕಣ್ಣೆದುರಿಗೇ ಆಗಲಿ ಎಂಬ ಆಸೆ.

ಎಲ್ಲರೂ ಬಾವಿಗೆ ಬಂದರು. ಪಂಚಾಕ್ಷರಯ್ಯ ಮೆಟ್ಟಿಲಿಳಿದು, ಗಳದ ಗೀರುಗಳನ್ನು ಅಳೆದ. ಮತ್ತೆ ಅಳೆದ. ಟೇಪಿನ ತುದಿಯನ್ನು ಉಗುರಿನಿಂದ ಒತ್ತಿ ಮೂರನೆಯ ಸಲ ಅಳೆದ. ನಾಲ್ಕೂವರೆ ಬರಬೇಕಾದ ಐದನೆಯ ಲೆಕ್ಕದಲ್ಲಿ ನೀರು ಐದೂವರೆ ಅಂಗುಲ ಏರಿತ್ತು.

ಒಂದು ಅಂಗುಲ ಹೆಚ್ಚು. ಚಂದ್ರಣ್ಣ ಆ ಮಾತು ಕೇಳಿದವನೇ ಬಾವನ ಕಡೆ ತಿರುಗಿದ.

"ಹೊಸ ಸೆಲಿ ಒಡದೈತಿ, ಬಾವಾ. ನಾ ಹೇಳಿದ್ದಿಲ್ಲೇನು? ಖಾಲಿ ಮಾಡಿದ ಮ್ಯಾಲ ಒಳಗಿನ ಗಂಗವ್ವಗ ಸಿಟ್ಟು ಬಂದೈತಿ."

ಸೋಮಶೇಖರಪ್ಪ ಬಗ್ಗಿ ನೋಡಿದ. ಮದುವೆಯಾದಾಗಿನಿಂದ ಮೊದಲ ಸಲ ಆತ ಚಂದ್ರಣ್ಣನ ಸೊತ್ತೊಂದನ್ನು ನೋಡಿ ಗಂಭೀರನಾದ. ಯಾವ ಮೂಲೆಯಿಂದ ಒಡೆದಿರಬಹುದು ಎಂದು ಕೇಳಿದ. ಚಂದ್ರಣ್ಣ ಈಶಾನ್ಯದ ಮೂಲೆಯ ಒಂದು ಬಿರುಕು ತೋರಿಸಿದ. ತೋರಿಸಿದ ಮೇಲೆ ಅವನಿಗೂ ಅಲ್ಲಿ ನೀರು ಜಿನುಗುವುದು ಕಂಡಂತಾಯಿತು. ಇದು ಐದಕ್ಕೇ ನಿಲ್ಲುವ ಬಾವಿಯಲ್ಲ, ಏಳು ಹಾರ್ಸಿನದು ಬರುತ್ತದೆಯೇ ಎಂದು ವಿಚಾರಿಸಬೇಕು ಎಂದುಕೊಂಡ.

ಪಂಚಾಕ್ಷರಯ್ಯ ಮಾತ್ರ ಬಿರುಕಿನ ಕಡೆ ನೋಡಲೂ ಇಲ್ಲ. ಆರನೆಯ ಗೀರು ನಾಲ್ಕೂಕಾಲಕ್ಕೆ ಬಂದಿತ್ತು. ಕೂತು ತಾನೇ ಏಳನೆಯದನ್ನು ನೋಡಿದ, ನಾಲ್ಕು. ಎಂಟನೆಯದು ಮೂರೂಮುಕ್ಕಾಲು. ಐದನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ದಾರಿಯಲ್ಲಿ ಇಳಿದು ಬಂದಿದ್ದವು. ಆತ ಪುಸ್ತಕದ ಮೇಲೆ ಪೆನ್ಸಿಲಿನಿಂದ ಟಕಟಕ ಬಡಿಯುತ್ತ, ಸೆಲೆ ಒಡೆದರೆ ಆಮೇಲೂ ಹರಿಯಬೇಕಲ್ಲ ಎಂದ. "ಹದಿನೈದು ನಿಮಿಷ ಹರಿದು, ಊಟದ ಹೊತ್ತಾತು ಅಂತ ನಿಂತುಬಿಡೋ ಸೆಲಿ ನಾ ಎಲ್ಲೂ ಕಂಡಿಲ್ಲರೀ."

ಸೋಮಶೇಖರಪ್ಪನ ಗಾಂಭೀರ್ಯ ಅಲ್ಲಿಗೆ ಸಡಿಲಾಯಿತು. ಸರಕಾರಿ ಕೆಲಸ ಅಲ್ಲವೇ, ಸೆಲೆಗೂ ಊಟದ ರಜೆ ಇರುತ್ತದೆ ಎಂದ.

ಗೀರುವುದರಲ್ಲಿ ತಪ್ಪಾಗಿದೆಯೇ ಎಂದು ಮಲ್ಲಯ್ಯನನ್ನು ಕೇಳಿದ್ದಾಯಿತು. ಅವನು ಗೀರು ಸರಿಯಾಗಿದೆ ಎಂದ. ನೀರಿಗೆ ಏನಾದರೂ ಆಯಿತೇ ಎಂದು ಕೇಳಿದರೆ, ತಾನು ಗೋಡೆ ನೋಡುತ್ತ ಕೂತಿದ್ದೆ, ಸೀಟಿ ಕೇಳಿದಾಗ ತಿರುಗಿ ಗೀರಿದೆ ಎಂದ. ಗೋಡೆ ಯಾಕೆ ನೋಡುತ್ತಿದ್ದಿ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸ ಮಲ್ಲಯ್ಯನಿಗಿರಲಿಲ್ಲ.

ಪಂಚಾಕ್ಷರಯ್ಯ ಪುಸ್ತಕ ಮುಚ್ಚಿದ. ತಾಳೆಯಾಗದ ಅಂಕಿಯೊಂದು ಇದ್ದರೆ ಅದರ ಕಾರಣ ಬರೆಯಬೇಕು, ಕಾರಣ ಗೊತ್ತಿಲ್ಲದಿದ್ದರೆ ಪರೀಕ್ಷೆ ಮತ್ತೊಮ್ಮೆ ಮಾಡಬೇಕು, ಇದು ಸರಕಾರಿ ಖಾತೆಯ ನಿಯಮ. ನಾಳೆ ಬಂಡಿ ನಾಗಲದಿನ್ನೆಯ ಕಡೆ ಹೊರಡುತ್ತದೆ, ಅಲ್ಲಿಂದ ಮುಂದೆ ಇನ್ನೂ ಹನ್ನೊಂದು ಬಾವಿಗಳಿವೆ. ಇಲ್ಲಿಗೆ ತಿರುಗಿ ಬರುವುದು ಮುಂದಿನ ಬೇಸಿಗೆಗೇ. ಇಂಜಿನ್ನೂ ಅಲ್ಲಿಯವರೆಗೆ ಇಲ್ಲ.

ಇನ್ನೊಂದು ವರ್ಷ ಎತ್ತುಗಳ ಕ್ಷೇಮಸಮಾಚಾರ. ಚಂದ್ರಣ್ಣ ಏರಿಯ ಮೇಲೆ ಕುಸಿದು ಕೂತ. ಆಗಲೇ ಬೇವಿನ ಮರದ ಕಡೆಯಿಂದ ಬಳೆಯ ಸದ್ದಾಯಿತು. ಮಹಾಂತಮ್ಮ ಬುಟ್ಟಿ ಎತ್ತಿಕೊಳ್ಳುವ ನೆಪದಲ್ಲಿ ಅಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

"ನೋಡ್ರಿ, ಇಲ್ಲೆ ಬರ್ರಿ ಒಂಚೂರು" ಎಂದಳು.

ಅವನು ಹೋದ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಧಾನವಾಗಿ ಹೇಳಿದಳು. ಇಂಜಿನ್ನು ನಿಂತ ಮೇಲೆ ಬುತ್ತಿ ತಂದಾಗ ಬಾವಿಗೆ ಬಗ್ಗಿ ನೋಡಿದಳಂತೆ. ತಾನು ಮದುವೆಯಾಗಿ ಬಂದು ಹನ್ನೊಂದು ವರ್ಷದಲ್ಲಿ ಗಂಗವ್ವ ಹೀಗೆ ಬರಿದಾಗಿದ್ದನ್ನು ಕಂಡಿರಲಿಲ್ಲ. ಹೂಳು ತೆಗೆಸಲು ಬಾವಿ ಬರಿದು ಮಾಡಿದಾಗ ಹೆಂಗಸರು ಸೇರಿ ಗಂಗವ್ವನ ಉಡಿ ತುಂಬಬೇಕು, ಬರಿಯುಡಿಯಲ್ಲಿ ಬಿಡಬಾರದು ಎಂದು ಅತ್ತೆ ಹೇಳಿದ್ದರು. ಹೂಳು ತೆಗೆಯಲಿ, ಅಳತೆ ನೋಡಲಿ, ಬರಿದು ಬರಿದೇ ಅಲ್ಲವೇ? ಅದಕ್ಕೆ ಓಣಿಯ ಎರ್ರಮ್ಮನಿಗೆ ಹೇಳಿ ಕಳಿಸಿದಳು. ಎರ್ರಮ್ಮ ಹೆಂಗಸರನ್ನು ಕೂಡಿಸಿಕೊಂಡು ಬಂದಳು. ಗಂಡಸರು ಊಟಕ್ಕೆ ಕೂತಾಗ, ಆಚೆ ಮಗ್ಗುಲಿನಿಂದ ಬಂದು ಅರಿಷಿಣ-ಕುಂಕುಮ ಹಾಕಿ, ಒಬ್ಬೊಬ್ಬರು ಒಂದೊಂದು ಕೊಡ ನೀರು ಹಾಕಿ ಹೋದರು. ಹೆಂಗಸರ ಶಾಸ್ತ್ರ ಗಂಡಸರು ನೋಡಬಾರದೆಂದು ಮಲ್ಲಯ್ಯನಿಗೆ ಗೋಡೆ ಕಡೆ ತಿರುಗಲು ಹೇಳಿದ್ದರು.

ಚಂದ್ರಣ್ಣನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಈಶಾನ್ಯದ ಬಿರುಕು ಕಣ್ಣ ಮುಂದೆ ಬಂತು. ಅದು ಒಣಗಿತ್ತು, ಬಹುಶಃ ಅವನ ಅಜ್ಜನ ಕಾಲದಿಂದಲೂ.

"ಈಗ್ಯಾಕ ಹೇಳಿದಿ?" ಎಂದ.

"ಮುಂದಿನ ವರ್ಷ ಅಂದ್ರಲ್ಲ ಅಯ್ನೋರು."

"ಬಾವ ಅದಾನ ಅಲ್ಲೆ. ಸೆಲಿ ಒಡದೈತಿ ಅಂತ ಆಗಲೇ ಹೇಳೀನಿ."

"ಹೇಳಬ್ಯಾಡ್ರಿ ಹಂಗಾರ" ಎಂದಳು ಮಹಾಂತಮ್ಮ, ಬುಟ್ಟಿಗೆ ಎಲೆ ತುಂಬುತ್ತ. "ಸೆಲಿ ಅನಕೋತ ಇರ್ರಿ. ನಾನು ಎತ್ತಿಗೆ ಹುಲ್ಲು ಹಾಕಸ್ತೀನಿ."

ಚಂದ್ರಣ್ಣ ಲೆಕ್ಕ ಹಾಕಿದ. ಹೇಳಿದರೆ ಬಾವನ ನಗು ಆದೋನಿಯ ಹತ್ತಿ ಪೇಟೆಯ ತನಕ ಹೋಗುತ್ತದೆ, ಅಲ್ಲಿಂದ ಮದ್ದಿಕೇರದಲ್ಲಿರುವ ಬೀಗರ ಮನೆಗೂ. ಹೇಳದಿದ್ದರೆ ಇಂಜಿನ್ನಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಿದ ಮೇಲೆ ಐದು ಹಾರ್ಸು ಎಂಬ ಮಾತನ್ನು ಮತ್ತೆ ಬಾಯಲ್ಲಿ ತರುವಂತಿಲ್ಲ. ಆ ಒಂದು ಅಂಗುಲಕ್ಕೆ ಬೇರೆ ಯಾವುದಾದರೂ ಗೌರವಸ್ಥ ಕಾರಣ ಸಿಕ್ಕೀತೇ ಎಂದು ಯೋಚಿಸಿದ. ಸಿಗಲಿಲ್ಲ. ಏರಿಯ ಕಡೆ ನಡೆದು, ಓವರ್‌ಸಿಯರನ ಕಿವಿಯಲ್ಲಿ ಹೇಳಿ ಮುಗಿಸೋಣ ಎಂದು ಬಗ್ಗಿದ. ಆದರೆ ಪಂಚಾಕ್ಷರಯ್ಯ, ಕಾರಣ ಸಿಕ್ಕ ಖುಷಿಯಲ್ಲಿ, ದನಿ ತಗ್ಗಿಸುವುದನ್ನೇ ಮರೆತ.

"ಎಷ್ಟು ಕೊಡ?" ಎಂದು ಕೇಳಿದ. ಅದು ಹಳ್ಳದ ಆಚೆಗೂ ಕೇಳಿಸಿತು.

ಎಷ್ಟು ಕೊಡವೆಂದು ಚಂದ್ರಣ್ಣನಿಗೆ ಗೊತ್ತಿರಲಿಲ್ಲ. ಮಹಾಂತಮ್ಮನಿಗೆ ಗೊತ್ತಿತ್ತು. ಉಡಿ ತುಂಬಿದವರಿಗೆಲ್ಲ ಆಕೆ ಎರಡೆರಡು ವೀಳ್ಯದೆಲೆ ಕೊಟ್ಟಿದ್ದಳು. ಅರವತ್ತು ಎಲೆಯ ಕಟ್ಟು ತರಿಸಿದ್ದು, ಒಂದೂ ಉಳಿಯಲಿಲ್ಲ, ಒಬ್ಬರಿಗೂ ಕಡಿಮೆ ಬೀಳಲಿಲ್ಲ. ಹಾಗಾದರೆ ಮೂವತ್ತು ಕೊಡ. ಅರ್ಧ ತುಂಬಿದ ಕೊಡ ಯಾರಾದರೂ ತಂದಿದ್ದರೇ ಎಂದು ಪಂಚಾಕ್ಷರಯ್ಯ ಕೇಳಿಸಿದ. ಗಂಗವ್ವನಿಗೆ ಅರ್ಧ ಕೊಡ ತರುವವಳು ನಮ್ಮ ಓಣಿಯಲ್ಲಿ ಯಾರೂ ಇಲ್ಲ ಎಂದು ಆಕೆ ಮುಖ ಬಿಗಿದಳು.

ಆತ ಅಷ್ಟಕ್ಕೂ ಸುಮ್ಮನಾಗಲಿಲ್ಲ. ಓಣಿಯಿಂದ ಎಂಟು ಕೊಡ ತರಿಸಿದ, ದೊಡ್ಡವು ಸಣ್ಣವು ಸೇರಿಸಿ. ನೀರು ತುಂಬಿಸಿ, ನಾಲ್ಕು ಗ್ಯಾಲನ್ ಹಿಡಿಯುವ ಸೀಮೆಎಣ್ಣೆ ಡಬ್ಬಕ್ಕೆ ಸುರಿಸಿದ. ಎಂಟು ಕೊಡಕ್ಕೆ ಸರಿಯಾಗಿ ಐದು ಡಬ್ಬ. ಕೊಡಕ್ಕೆ ಎರಡೂವರೆ ಗ್ಯಾಲನ್, ಮೂವತ್ತು ಕೊಡಕ್ಕೆ ಎಪ್ಪತ್ತೈದು. ಹನ್ನೆರಡು ಅಡಿ ಚೌಕದ ಬಾವಿಯಲ್ಲಿ ಒಂದು ಅಂಗುಲ ನೀರೆಂದರೆ ಹನ್ನೆರಡು ಘನ ಅಡಿ, ಅದೂ ಎಪ್ಪತ್ತೈದೇ ಗ್ಯಾಲನ್. ಆತ ಪೆನ್ಸಿಲು ಕೆಳಗಿಟ್ಟು, ಬೆಳಿಗ್ಗೆಯಿಂದ ಮೊದಲ ಸಲ ಹಲ್ಲು ಕಾಣುವಂತೆ ನಕ್ಕ. ಐದೂವರೆಯಲ್ಲಿ ಒಂದು ಕಳೆದು ನಾಲ್ಕೂವರೆ ಬರೆದ. ಅಂಕಿಗಳೆಲ್ಲ ಸಾಲಾಗಿ ಕೂತವು. ಷರಾದ ಜಾಗದಲ್ಲಿ ಆತ ಏನೋ ಬರೆಯುತ್ತ ಒಂದು ಕ್ಷಣ ತಡೆದ. ಉಡಿ ತುಂಬುವುದಕ್ಕೆ ಖಾತೆಯಲ್ಲಿ ಯಾವ ಶಬ್ದವೂ ಇರಲಿಲ್ಲ. "ಸ್ಥಳೀಯ ಸಂಪ್ರದಾಯದಂತೆ ಹೊರಗಿನ ನೀರು, ಅಳೆದು ಕಳೆಯಲಾಗಿದೆ" ಎಂದು ಬರೆದ.

ಸೋಮಶೇಖರಪ್ಪ ಅಲ್ಲಿಯವರೆಗೆ ತಡೆದುಕೊಂಡಿದ್ದ. "ಭಾರಿ ಸೆಲಿ ಚಂದ್ರಣ್ಣ, ತಲಿ ಮ್ಯಾಲ ಕೊಡ ಹೊತ್ತು ನಡಕೋತ ಬಂದೈತಿ" ಎಂದು ಶುರು ಮಾಡಿದ. ಏರಿಯ ಮೇಲೆ ಕೂತವರೆಲ್ಲ ನಕ್ಕರು. ಮಲ್ಲಯ್ಯ ಗೋಡೆ ಕಡೆ ತಿರುಗಿ ನಕ್ಕ. ಚಂದ್ರಣ್ಣ ಎಲ್ಲವನ್ನೂ ನುಂಗಿಕೊಂಡು, ಬಾವಿಯ ಫಲಿತಾಂಶ ಏನೆಂದು ಕೇಳಿದ.

ನೀರನ್ನು ಎಂಟು ಅಡಿ ಇಳಿಸಿಟ್ಟರೆ ಬಾವಿ ಗಂಟೆಗೆ ಸುಮಾರು ಸಾವಿರದ ಎಂಟುನೂರು ಗ್ಯಾಲನ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಅದರ ಹತ್ತಿರ ಇಲ್ಲ. ಇದು ಕೆಟ್ಟ ಬಾವಿಯಲ್ಲ, ಮರ್ಯಾದಸ್ಥ ಬಾವಿ ಎಂದ ಪಂಚಾಕ್ಷರಯ್ಯ. ಎರಡು ಹಾರ್ಸಿನ ಇಂಜಿನ್ನು ಬೆಳಿಗ್ಗೆ ಒಂದೂಕಾಲು ಗಂಟೆ ಓಡಿಸಿ, ಐದಾರು ಗಂಟೆ ಬಿಟ್ಟು, ಸಂಜೆ ನೀರು ಇದ್ದಷ್ಟು ಮತ್ತೆ ಓಡಿಸಿದರೆ, ಬೇಸಿಗೆಯಲ್ಲೂ ಎರಡು ಎಕರೆ ಒಣಗುವುದಿಲ್ಲ.

"ಐದು ಹಾಕಿದ್ರ?" ಎಂದ ಚಂದ್ರಣ್ಣ. ಕೇಳದೆ ಇರಲಾಗಲಿಲ್ಲ.

"ಐದು ಹಾಕಿದ್ರ ಅರ್ಧ ಗಂಟ್ಯಾಗ ಕುಡಿದು ಮುಗಸ್ತೈತಿ. ಆಮ್ಯಾಲ ಹೊತ್ತಿಡೀ ಸುಮ್ನ ಕುಂದರತೈತಿ. ಇಂಜಿನ್ನು ನೀರು ಎತ್ತತೈತ್ರಿ, ಹುಟ್ಟಸೂದಿಲ್ಲ."

ಹೇಳಿ, ಆತ ನಿಂಬೆ ತೋಟದ ಯಜಮಾನನೆಂದು ಪರಿಚಯವಾಗಿದ್ದ ಸೋಮಶೇಖರಪ್ಪನ ಕಡೆ ಸಹಜವಾಗಿ ತಿರುಗಿದ. ತಮ್ಮದು ಐದರದಂತೆ, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ, ಬಾವಿಯ ಪರೀಕ್ಷೆ ಯಾವಾಗ ಆಗಿತ್ತು ಎಂದು ವಿಚಾರಿಸಿದ.

ಸೋಮಶೇಖರಪ್ಪ ರುಮಾಲು ತೆಗೆದು ತಲೆ ಒರೆಸಿಕೊಂಡ. ಆಗ ಈ ಪರೀಕ್ಷೆಗಿರೀಕ್ಷೆ ಇರಲಿಲ್ಲ ಎಂದ. ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ ಎಂದ. ಎಷ್ಟು ಹೊತ್ತು ಎಂಬುದಕ್ಕೆ ಆತ ಹಳ್ಳದ ಕಡೆ ನೋಡುತ್ತ ಕೊಟ್ಟ ಉತ್ತರ ಅರ್ಧ ಗಂಟೆಗಿಂತ ಕಡಿಮೆಯಿತ್ತು. ಚಂದ್ರಣ್ಣ ಅದನ್ನು ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದ.

ಎರಡು ಹಾರ್ಸಿನ ಕಾಗದಕ್ಕೆ ಚಂದ್ರಣ್ಣ ಅಲ್ಲಿಯೇ ರುಜು ಹಾಕಿದ. ಕತ್ತಲಾಗುವ ಮುಂಚೆ ಆದೋನಿ ಸೇರಬೇಕೆಂದು ಬಾವ ಎದ್ದಾಗ ಗಾಡಿಯವರೆಗೂ ಹೋಗಿ, ಬಾಗಿಲು ಹಿಡಿದು ನಿಂತ. ಸೋಮಶೇಖರಪ್ಪ ಗಾಡಿ ಹತ್ತಿ ಕೂತು, ಗಾಡಿಯವನಿಗೆ ಕೇಳಿಸದಂತೆ, ಈ ಓವರ್‌ಸಿಯರು ಸರಕಾರಿ ಅರ್ಜಿ ಇಲ್ಲದೆಯೂ ಒಂದು ಬಾವಿ ನೋಡಿಕೊಟ್ಟಾನೇ ಎಂದು ಕೇಳಿದ.

"ಕೇಳಿ ನೋಡತೀನಿ ಬಾವಾ" ಎಂದ ಚಂದ್ರಣ್ಣ. "ಆದ್ರ ಅವತ್ತು ಅಕ್ಕನ್ನ ಬಾವಿ ಕಡೆ ಬಿಡಬ್ಯಾಡ್ರಿ."